ಅನ್‌ಲಾಕ್‌ಗೆ ಮುಂಚೆ ಕೊಳ್ಳೋದಾ, ಆಮೇಲೆ ಕೊಳ್ಳೋದಾ? ಆರ್ಬಿಟ್ರಮ್‌ನ ಒಂದು ಶನಿವಾರದ ಲೆಕ್ಕ

2024ರ ಮಾರ್ಚ್ ಮೊದಲ ವಾರದಲ್ಲಿ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. "ಅಣ್ಣಾ, ಆರ್ಬಿಟ್ರಮ್ ಟೋಕನ್ ಸ್ವಲ್ಪ ತಗೊಳ್ಳೋಣ ಅಂತಿದ್ದೀನಿ. 16ನೇ ತಾರೀಕು ಅದೇನೋ ಅನ್‌ಲಾಕ್ ಇದೆಯಂತೆ. ಒಟ್ಟು ಟೋಕನ್‌ನಲ್ಲಿ ಬರೀ 11% ಅಷ್ಟೇ. ಏನೂ ತೊಂದರೆ ಇಲ್ಲ ಅಲ್ವಾ?"

ಅನ್‌ಲಾಕ್ ಅಂದರೆ ಅಲ್ಲಿವರೆಗೆ ಬೀಗ ಹಾಕಿಟ್ಟ ಟೋಕನ್ ಮಾರಲು ಬಿಡುಗಡೆ ಆಗುವುದು. ಅವನು ಕೊಳ್ಳಬೇಕು ಅಂದುಕೊಂಡಿದ್ದಕ್ಕೆ ಕಾರಣ ಇತ್ತು. ಮಾರ್ಚ್ 13ಕ್ಕೆ ಇಥೀರಿಯಮ್‌ನಲ್ಲಿ ಡೆಂಕುನ್ ಎಂಬ ದೊಡ್ಡ ಬದಲಾವಣೆ ಬರುವುದಿತ್ತು. ಅದರಿಂದ ಇಥೀರಿಯಮ್ ಮೇಲೆ ಕಟ್ಟಿದ ಆರ್ಬಿಟ್ರಮ್‌ನಂಥ ಜಾಲಗಳಲ್ಲಿ ವಹಿವಾಟಿನ ಖರ್ಚು ತುಂಬಾ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಿಟ್‌ಕಾಯಿನ್ ಕೂಡ ಹೊಸ ದಾಖಲೆಯ ಕಡೆ ಓಡುತ್ತಿತ್ತು. ಆರ್ಬಿಟ್ರಮ್‌ನ ಎಆರ್‌ಬಿ ಟೋಕನ್ 2 ಡಾಲರ್ ಆಸುಪಾಸಿನಲ್ಲಿತ್ತು. ಒಳ್ಳೆ ಸುದ್ದಿ ಇದೆ, ಮಾರುಕಟ್ಟೆ ಬಿಸಿ ಇದೆ, ಅನ್‌ಲಾಕ್ 11% ಮಾತ್ರ. ಕೇಳೋಕೆ ಸರಿಯಾಗಿಯೇ ಇತ್ತು.

11% ಎನ್ನುವುದು ಸುಳ್ಳಲ್ಲ. ಆದರೆ ಅದು ಯಾವುದರ 11% ಅನ್ನೋದನ್ನ ನೋಡಬೇಕು. ಇಡೀ ಲೆಕ್ಕ ನಿಂತಿರುವುದು ಅಲ್ಲೇ.

ಎಆರ್‌ಬಿಯ ಒಟ್ಟು ಟೋಕನ್ 1000 ಕೋಟಿ. 2023ರ ಮಾರ್ಚ್ 23ರಂದು ಬಳಕೆದಾರರಿಗೆ ಪುಕ್ಕಟೆ ಹಂಚಿದಾಗ, ಅಂದರೆ ಏರ್‌ಡ್ರಾಪ್ ಆದಾಗ, ಅದರಲ್ಲಿ 11.62% ಜನರಿಗೆ ಹೋಯಿತು. ಇನ್ನು 1.13% ಆರ್ಬಿಟ್ರಮ್ ಮೇಲೆ ಕೆಲಸ ಮಾಡುವ ಬೇರೆ ಬೇರೆ ಸಮುದಾಯಗಳಿಗೆ ಹೋಯಿತು. ಎರಡೂ ಸೇರಿ 127.5 ಕೋಟಿ ಟೋಕನ್. ಮಾರುಕಟ್ಟೆಯಲ್ಲಿ ಓಡಾಡುತ್ತಿದ್ದದ್ದು ಇಷ್ಟೇ. 42.78% ಸಮುದಾಯದ ಖಜಾನೆಯಲ್ಲಿತ್ತು. ಅದನ್ನು ಹೊರಗೆ ತೆಗೆಯಬೇಕಾದರೆ ಮತ ಹಾಕಬೇಕು. ಉಳಿದದ್ದರಲ್ಲಿ 26.94% ಆರ್ಬಿಟ್ರಮ್ ಕಟ್ಟಿದ ಆಫ್‌ಚೈನ್ ಲ್ಯಾಬ್ಸ್‌ನ ತಂಡ ಮತ್ತು ಸಲಹೆಗಾರರಿಗೆ, 17.53% ಹೂಡಿಕೆದಾರರಿಗೆ ಎಂದು ಬರೆದಿಟ್ಟಿದ್ದರು. ಆದರೆ ಈ ಎರಡು ಪಾಲಿಗೆ ನಾಲ್ಕು ವರ್ಷದ ಬೀಗ ಇತ್ತು.

ಬೀಗ ತೆಗೆಯುವ ಕ್ರಮ ಹೀಗೆ. ಮೊದಲ ಒಂದು ವರ್ಷ ಒಂದು ಟೋಕನ್ನೂ ಸಿಗುವುದಿಲ್ಲ. ವರ್ಷ ತುಂಬಿದ ದಿನ ಕಾಲು ಭಾಗ ಒಟ್ಟಿಗೆ ಬಿಡುಗಡೆ. ಇದಕ್ಕೆ ಕ್ಲಿಫ್ ಅಂತಾರೆ. ಆಮೇಲೆ ಉಳಿದ ಮುಕ್ಕಾಲು ಭಾಗ ಮೂರು ವರ್ಷಗಳ ಕಾಲ ಪ್ರತಿ ತಿಂಗಳು ಸಮ ಕಂತಿನಲ್ಲಿ. ಇಂಥ ಪಟ್ಟಿಗೇ ಅನ್‌ಲಾಕ್ ಶೆಡ್ಯೂಲ್ ಎನ್ನುವುದು.

ತಂಡದ ಪಾಲಿನ ಕಾಲು ಭಾಗ ಅಂದರೆ 67.35 ಕೋಟಿ. ಹೂಡಿಕೆದಾರರ ಪಾಲಿನ ಕಾಲು ಭಾಗ 43.825 ಕೋಟಿ. ಒಟ್ಟು 111 ಕೋಟಿ ಚಿಲ್ಲರೆ. 1000 ಕೋಟಿಗೆ ಹೋಲಿಸಿದರೆ 11%. ತಮ್ಮ ನೋಡಿದ್ದು ಅದನ್ನೇ. ಆದರೆ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುತ್ತಿದ್ದದ್ದು ಓಡಾಡುತ್ತಿದ್ದ 127.5 ಕೋಟಿ ಟೋಕನ್ ಮಾತ್ರ. ಹೋಲಿಸಬೇಕಾದ್ದು ಅದಕ್ಕೆ:

```
1,111,750,000 / 1,275,000,000 × 100 = 87.2 %
```

ಒಂದೇ ಶನಿವಾರ, 2024ರ ಮಾರ್ಚ್ 16ರಂದು, ಮಾರಬಹುದಾದ ಟೋಕನ್ ಹೆಚ್ಚು ಕಡಿಮೆ ಇಮ್ಮಡಿ ಆಗುವುದರಲ್ಲಿತ್ತು. ಈ ಮಾತು ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ.

ಇದಕ್ಕೆ ಬೇಕಾದ ಅಂಕಿ ಯಾವುದೂ ಗುಟ್ಟಲ್ಲ. ಆರ್ಬಿಟ್ರಮ್ ಫೌಂಡೇಶನ್‌ನವರು docs.arbitrum.foundation ನಲ್ಲಿ ಹಂಚಿಕೆಯನ್ನು ಬರೆದೇ ಇಟ್ಟಿದ್ದಾರೆ. ಟೋಕನಾಮಿಸ್ಟ್, ಡೆಫಿಲಾಮಾ ತಾಣಗಳಲ್ಲಿ ಹೆಚ್ಚಿನ ಟೋಕನ್‌ಗಳ ಪಟ್ಟಿ ಸಿಗುತ್ತದೆ. ಆದರೂ ಮೂಲ ದಾಖಲೆಯನ್ನು ಒಮ್ಮೆ ನೋಡಿ. ತಾಣದ ಪಟ್ಟಿಯಲ್ಲಿ ಶೇಕಡಾವಾರು ಒಟ್ಟು ಟೋಕನ್‌ಗೆ ಹಾಕಿದ್ದಾರಾ, ಓಡಾಡುತ್ತಿರುವ ಟೋಕನ್‌ಗೆ ಹಾಕಿದ್ದಾರಾ ಎಂಬುದು ಕೆಲವೊಮ್ಮೆ ಕಣ್ಣಿಗೆ ಬೀಳುವುದಿಲ್ಲ. ದಿನಾಂಕವೂ ಕಲ್ಲಲ್ಲಿ ಕೆತ್ತಿದ್ದಲ್ಲ. ಡಿವೈಡಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ತಾಣದ ಟೋಕನ್‌ನ ಮೊದಲ ಬಿಡುಗಡೆ 2023ರ ಫೆಬ್ರುವರಿಯಲ್ಲಿ ಆಗಬೇಕಿತ್ತು. ಇನ್ನು ಕೆಲವೇ ದಿನ ಇದೆ ಅನ್ನುವಾಗ, ಜನವರಿಯಲ್ಲಿ, ಅದನ್ನು ಡಿಸೆಂಬರ್ 1ಕ್ಕೆ ಮುಂದೂಡಿದರು. ಬೆಲೆ ಇಳಿಯುತ್ತದೆ ಎಂದು ಬಾಜಿ ಕಟ್ಟಿದ್ದವರಿಗೆ ಪೆಟ್ಟು ಬಿತ್ತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಟೋಕನ್ ಇಮ್ಮಡಿ ಆದರೆ ಬೆಲೆ ಅರ್ಧ ಆಗುತ್ತಾ?

ಸುಮ್ನೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಹೌದು ಅನಿಸುತ್ತದೆ. 127.5 ಕೋಟಿ ಟೋಕನ್, ತಲಾ 2 ಡಾಲರ್, ಒಟ್ಟು ಮೌಲ್ಯ 255 ಕೋಟಿ ಡಾಲರ್. ಅದೇ ಮೌಲ್ಯವನ್ನು 238.7 ಕೋಟಿ ಟೋಕನ್‌ಗೆ ಹಂಚಿದರೆ ಒಂದಕ್ಕೆ 1.07 ಡಾಲರ್. ಆದರೆ ಮಾರುಕಟ್ಟೆ ಹೀಗೆ ಭಾಗಾಕಾರ ಮಾಡಿಕೊಂಡು ಕೂರುವುದಿಲ್ಲ. ಬಿಡುಗಡೆಯಾದ ಟೋಕನ್ ಎಲ್ಲ ಮಾರಾಟಕ್ಕೆ ಬರುವುದಿಲ್ಲ. ಬಿಡುಗಡೆ ಆಗುತ್ತದೆ ಅನ್ನುವುದು ಒಂದು ವರ್ಷದ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಕೆಲವರು ಮೊದಲಿಂದಲೂ ಬೆಲೆ ಕಟ್ಟುವಾಗ ಪೂರ್ತಿ 1000 ಕೋಟಿಯನ್ನೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಕೋಲಾರದ ಟೊಮೆಟೊ ಮಂಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾಳೆ ಮಾಲು ಜಾಸ್ತಿ ಬರುತ್ತದೆ ಎಂದು ಗೊತ್ತಾದರೆ ದರ ನಾಳೆಯ ತನಕ ಕಾಯುವುದಿಲ್ಲ. ಕೊಳ್ಳುವವನು ಇವತ್ತೇ ಕೈ ಹಿಂದೆ ತೆಗೆಯುತ್ತಾನೆ, ಕೈಯಲ್ಲಿ ಬಾಕ್ಸ್ ಇರುವವನು ಇವತ್ತೇ ಬಿಡಲು ನೋಡುತ್ತಾನೆ. ದರ ಇವತ್ತೇ ಇಳಿಯುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಟೊಮೆಟೊ ಕೊಳೆಯುತ್ತದೆ, ಟೋಕನ್ ಕೊಳೆಯುವುದಿಲ್ಲ. ರೈತ ಅವತ್ತೇ ಮಾರಬೇಕು. ಹೂಡಿಕೆದಾರ ಆರು ತಿಂಗಳು ಬೇಕಾದರೂ ಕಾಯಬಹುದು. ಹಾಗಾಗಿ ಅನ್‌ಲಾಕ್‌ನ ಒತ್ತಡ ಒಂದು ದಿನದಲ್ಲಿ ಮುಗಿಯುವುದಿಲ್ಲ. ದಿನದ ಮೊದಲೂ ಇರುತ್ತದೆ, ಆಮೇಲೂ ತಿಂಗಳುಗಟ್ಟಲೆ ಎಳೆಯುತ್ತದೆ.

ಮೊದಲೇ ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಹೊಸಬರಿಗೆ ಇದು ಕಾಣುವುದೇ ಇಲ್ಲ. ಬೀಗ ಹಾಕಿದ ಟೋಕನ್ ಮಾರೋಕೆ ಆಗಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಮಾರಬಹುದು, ಸುತ್ತು ದಾರಿಯಲ್ಲಿ.

ಒಂದು ನಿಧಿಯ ಬಳಿ ಬೀಗದಲ್ಲಿ 1 ಕೋಟಿ ಎಆರ್‌ಬಿ ಇದೆ ಅಂತಿಟ್ಟುಕೊಳ್ಳಿ. ಬೆಲೆ 2 ಡಾಲರ್. ಬಿಡುಗಡೆಗೆ ಇನ್ನೂ ಮೂರು ವಾರ ಇದೆ. ಆ ನಿಧಿ, ಟೋಕನ್ ಕೈ ಬದಲಾಯಿಸದೆ ಅದರ ಬೆಲೆಯ ಮೇಲಷ್ಟೇ ಮಾಡಿಕೊಳ್ಳುವ ಪರ್ಪೆಚುವಲ್ ಫ್ಯೂಚರ್ಸ್ ಎಂಬ ಒಪ್ಪಂದದಲ್ಲಿ 1 ಕೋಟಿ ಎಆರ್‌ಬಿ ಶಾರ್ಟ್ ಮಾಡುತ್ತದೆ, ಅಂದರೆ ಇವತ್ತಿನ 2 ಡಾಲರ್ ದರಕ್ಕೇ ಮಾರಿದ ಹಾಗೆ. ಬೆಲೆ 1.5ಕ್ಕೆ ಬಿದ್ದರೆ ಬೀಗದ ಟೋಕನ್‌ನಲ್ಲಿ ಕಳೆದುಕೊಂಡದ್ದು ಶಾರ್ಟ್‌ನಲ್ಲಿ ವಾಪಸ್ ಬರುತ್ತದೆ. ಬೀಗ ತೆಗೆದ ದಿನ ನಿಜವಾದ ಟೋಕನ್ ಮಾರುತ್ತದೆ, ಅದೇ ಹೊತ್ತಿಗೆ ಶಾರ್ಟ್ ಅನ್ನು ಮುಚ್ಚಲು ಅಷ್ಟನ್ನೇ ಕೊಳ್ಳುತ್ತದೆ. ಒಂದು ಕಡೆ ಮಾರಾಟ, ಇನ್ನೊಂದು ಕಡೆ ಖರೀದಿ. ಆ ದಿನದ ಬೆಲೆಯ ಮೇಲೆ ಪರಿಣಾಮ ಅಷ್ಟಕ್ಕಷ್ಟೆ. ಅವರ ನಿಜವಾದ ಮಾರಾಟ ಮೂರು ವಾರದ ಹಿಂದೆಯೇ ಮುಗಿದಿತ್ತು.

ಇದು ನಡೆಯುತ್ತಿದೆಯಾ ಅಂತ ಹೊರಗಿನಿಂದ ಊಹಿಸಬಹುದು. ವಿನಿಮಯ ಕೇಂದ್ರದ ಫ್ಯೂಚರ್ಸ್ ಪುಟದಲ್ಲಿ ಎರಡು ಅಂಕಿ ನೋಡಿ. ಒಂದು ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದ ಒಪ್ಪಂದಗಳ ಒಟ್ಟು ಮೊತ್ತ. ಇನ್ನೊಂದು ಫಂಡಿಂಗ್ ರೇಟ್. ಮಾಮೂಲಿಯಾಗಿ ಲಾಂಗ್ ಇರುವವರು, ಅಂದರೆ ಬೆಲೆ ಏರುತ್ತದೆ ಎಂದು ಒಪ್ಪಂದ ಕೊಂಡವರು, ಶಾರ್ಟ್ ಇರುವವರಿಗೆ ಸಣ್ಣ ಮೊತ್ತ ಕೊಡುತ್ತಾರೆ, ಆಗ ಈ ದರ ಧನಾತ್ಮಕ. ಶಾರ್ಟ್ ಮಾಡುವವರು ಜಾಸ್ತಿ ಆದರೆ ಅವರೇ ಕೊಡಬೇಕಾಗುತ್ತದೆ, ದರದ ಮುಂದೆ ಮೈನಸ್ ಚಿಹ್ನೆ ಬರುತ್ತದೆ. ಬಿಡುಗಡೆಗೆ ಕೆಲವು ವಾರ ಇರುವಾಗ ಓಪನ್ ಇಂಟರೆಸ್ಟ್ ಏರುತ್ತಾ, ಫಂಡಿಂಗ್ ದಿನಗಟ್ಟಲೆ ಮೈನಸ್‌ನಲ್ಲೇ ಇದ್ದರೆ, ಮಾರಾಟದ ಒಂದು ಭಾಗ ಆಗಲೇ ಬೆಲೆಯಲ್ಲಿ ಸೇರಿಕೊಂಡಿದೆ ಅಂತ ತಿಳಿಯಬಹುದು. ದೊಡ್ಡ ಬಿಡುಗಡೆ ಹತ್ತಿರ ಇದ್ದರೂ ಫಂಡಿಂಗ್ ಧನಾತ್ಮಕವಾಗಿ, ಜನ ಉತ್ಸಾಹದಲ್ಲಿ ಕೊಳ್ಳುತ್ತಲೇ ಇದ್ದರೆ ನನಗೆ ಭಯ ಜಾಸ್ತಿ. ಆಗ ಮಾರಾಟ ಇನ್ನೂ ಮುಂದಿದೆ.

ಸಂಖ್ಯೆಯಷ್ಟೇ ಮುಖ್ಯವಾದದ್ದು ಟೋಕನ್ ಯಾರ ಕೈಗೆ ಬರುತ್ತಿದೆ, ಅವರಿಗೆ ಎಷ್ಟಕ್ಕೆ ಬಿದ್ದಿದೆ ಅನ್ನುವುದು. ಮಾರುಕಟ್ಟೆಗೆ ಕೊಳ್ಳುವ, ಮಾರುವ ಎರಡೂ ಕಡೆಯ ದರ ಒದಗಿಸುವ ಕೀರಾಕ್ ಎಂಬ ಸಂಸ್ಥೆ 2024ರ ಕೊನೆಯಲ್ಲಿ 16,000ಕ್ಕೂ ಹೆಚ್ಚು ಅನ್‌ಲಾಕ್‌ಗಳನ್ನು ಜಾಲಾಡಿತ್ತು. ಸುಮಾರು 90% ಸಂದರ್ಭಗಳಲ್ಲಿ ಬೆಲೆಯ ಮೇಲೆ ಕೆಳಮುಖ ಒತ್ತಡ ಕಂಡಿತ್ತು, ಆ ಒತ್ತಡ ಶುರುವಾಗುತ್ತಿದ್ದದ್ದು ತಿಂಗಳ ಮುಂಚೆಯೇ. ಎಲ್ಲಕ್ಕಿಂತ ಕೆಟ್ಟ ಪರಿಣಾಮ ತಂಡಕ್ಕೆ ಹೋಗುವ ಟೋಕನ್‌ಗಳದ್ದು. ಜಾಲ ಬೆಳೆಸಲು ಮೀಸಲಿಟ್ಟ ಟೋಕನ್ ಬಿಡುಗಡೆಯಾದಾಗ ಮಾತ್ರ ಸರಾಸರಿಯಲ್ಲಿ ಬೆಲೆ ಸ್ವಲ್ಪ ಏರಿತ್ತು.

ತಂಡದ ಟೋಕನ್ ಯಾಕೆ ಹೆಚ್ಚು ಹೊಡೆತ ಕೊಡುತ್ತದೆ ಅಂದರೆ ಕಾರಣ ಮನುಷ್ಯ ಸಹಜವಾದದ್ದು. ದೊಡ್ಡ ನಿಧಿಗೆ ಶಾರ್ಟ್ ಮಾಡಲು, ಖಾಸಗಿಯಾಗಿ ರಿಯಾಯಿತಿ ದರಕ್ಕೆ ಮಾರಲು ಆಳುಗಳಿದ್ದಾರೆ. ಒಬ್ಬ ಎಂಜಿನಿಯರ್‌ಗೆ ಅದೆಲ್ಲ ಇಲ್ಲ. ಅವನ ಸಂಬಳದ ದೊಡ್ಡ ಭಾಗ ವರ್ಷಗಟ್ಟಲೆ ಬೀಗದಲ್ಲಿತ್ತು. ಮನೆ ಸಾಲ ತೀರಿಸಬೇಕು, ತೆರಿಗೆ ಕಟ್ಟಬೇಕು. ಕೈಗೆ ಬಂದಾಗ ಒಂದಷ್ಟು ಮಾರುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಾರಾಟವನ್ನು ಎದುರು ನಿಂತು ಕೊಳ್ಳುವವರು ನಾವು.

ಆರ್ಬಿಟ್ರಮ್‌ನಲ್ಲಿ ಬಿಡುಗಡೆಯಾಗುತ್ತಿದ್ದ ಅಷ್ಟೂ ಟೋಕನ್ ತಂಡ ಮತ್ತು ಹೂಡಿಕೆದಾರರದ್ದು. ಅವರ ಅಸಲಿನ ಒರಟು ಲೆಕ್ಕ ಹೀಗೆ. 2021ರ ಆಗಸ್ಟ್‌ನಲ್ಲಿ ಆಫ್‌ಚೈನ್ ಲ್ಯಾಬ್ಸ್ 12 ಕೋಟಿ ಡಾಲರ್ ಎತ್ತಿದ್ದನ್ನು ಪ್ರಕಟಿಸಿದಾಗ ಕಂಪನಿಯ ಬೆಲೆ 120 ಕೋಟಿ ಡಾಲರ್. ತಂಡ ಮತ್ತು ಹೂಡಿಕೆದಾರರ ಪಾಲು ಸೇರಿ 444.7 ಕೋಟಿ ಟೋಕನ್. ಭಾಗಿಸಿದರೆ ಟೋಕನ್ ಒಂದಕ್ಕೆ ಸುಮಾರು 0.27 ಡಾಲರ್. ಇದು ಕರಾರುವಾಕ್ ಅಲ್ಲ, ಆ ಸುತ್ತಿಗೂ ಮುಂಚೆ ಬಂದವರಿಗೆ ಇನ್ನೂ ಅಗ್ಗಕ್ಕೆ ಬಿದ್ದಿರುತ್ತದೆ. ಆದರೂ ಚಿತ್ರ ಸಿಗುತ್ತದೆ. 2 ಡಾಲರ್‌ನಲ್ಲಿ ಅವರಿಗೆ ಏಳು ಪಟ್ಟು. ಬೆಲೆ 1 ಡಾಲರ್‌ಗೆ ಇಳಿದರೂ ಮೂರೂವರೆ ಪಟ್ಟು. ನನ್ನ ತಮ್ಮನಿಗೆ 50% ನಷ್ಟ ಆಗುವ ದರದಲ್ಲೂ ಅವರು ನೆಮ್ಮದಿಯಾಗಿ ಮಾರಬಹುದು.

ಏನಾಯಿತು ಅಂತ ಈಗ ನೋಡೋಣ. ಎಆರ್‌ಬಿ ತನ್ನ ಗರಿಷ್ಠ ಬೆಲೆ ಮುಟ್ಟಿದ್ದು 2024ರ ಜನವರಿಯಲ್ಲಿ, 2.4 ಡಾಲರ್ ಹತ್ತಿರ. ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ದಾಖಲೆ ಬರೆದಾಗಲೂ ಎಆರ್‌ಬಿ ಆ ಮಟ್ಟಕ್ಕೆ ವಾಪಸ್ ಹೋಗಲಿಲ್ಲ. ನನಗೆ ಇದೇ ಮೊದಲ ಸುಳಿವು. ಇಡೀ ಮಾರುಕಟ್ಟೆ ಮೇಲೆ ಹೋಗುವಾಗ ಒಂದು ಟೋಕನ್ ತನ್ನ ಹಳೇ ಎತ್ತರವನ್ನೂ ಮುಟ್ಟದೆ ಉಳಿದರೆ, ಯಾರೋ ಮಾರುತ್ತಿದ್ದಾರೆ, ಇಲ್ಲವೇ ಕೊಳ್ಳಬೇಕಾದವರು ಕಾಯುತ್ತಿದ್ದಾರೆ. ಡೆಂಕುನ್ 13ಕ್ಕೆ ಬಂತು. ಖರ್ಚು ನಿಜವಾಗಿಯೂ ಇಳಿಯಿತು. ಬೆಲೆ ಏರಲಿಲ್ಲ. 16ಕ್ಕೆ ಬೀಗ ತೆಗೆಯಿತು. ಅದೇ ವಾರ ಬಿಟ್‌ಕಾಯಿನ್ ಕೂಡ ಜೋರಾಗಿ ಇಳಿಯಿತು. ಏಪ್ರಿಲ್ ಮಧ್ಯದ ಹೊತ್ತಿಗೆ ಎಆರ್‌ಬಿ 1.2 ಡಾಲರ್ ಆಸುಪಾಸಿಗೆ ಬಂದಿತ್ತು.

ಇಲ್ಲಿ ದುಡುಕಬಾರದು. ಮಾರುಕಟ್ಟೆಯೇ ಬಿದ್ದಾಗ ಅನ್‌ಲಾಕ್‌ನಿಂದಲೇ ಬಿತ್ತು ಅನ್ನೋದು ಸರಿಯಲ್ಲ. ಅದನ್ನು ಬೇರ್ಪಡಿಸಿ ನೋಡಲು ಇಥೀರಿಯಮ್ ಜೊತೆ ಹೋಲಿಸಿ. ಅದೇ ಒಂದು ತಿಂಗಳಲ್ಲಿ ಇಥೀರಿಯಮ್ ಇಳಿದದ್ದು ಹೆಚ್ಚು ಕಡಿಮೆ ಆರರಲ್ಲಿ ಒಂದು ಭಾಗ. ಎಆರ್‌ಬಿ ಇಳಿದದ್ದು ಐದರಲ್ಲಿ ಎರಡು ಭಾಗ. ಈ ವ್ಯತ್ಯಾಸವನ್ನು ಎಆರ್‌ಬಿಯ ಸ್ವಂತ ತೊಂದರೆ ಅನ್ನಬಹುದು. ಅದರಲ್ಲೂ ಅನ್‌ಲಾಕ್ ಒಂದೇ ಕಾರಣ ಅಂತ ಯಾರೂ ಸಾಧಿಸಿ ತೋರಿಸಲಾರರು. ಅದಕ್ಕೇ ಡಾಲರ್ ಚಾರ್ಟ್ ಬದಲು ಎಆರ್‌ಬಿ ಬೆಲೆಯನ್ನು ಇಥೀರಿಯಮ್ ಲೆಕ್ಕದಲ್ಲಿ ತೋರಿಸುವ ARB/ETH ಚಾರ್ಟ್ ನೋಡುವುದು ನನ್ನ ಅಭ್ಯಾಸ. ಏಪ್ರಿಲ್‌ನ 1.2 ಮೇಲಿನ ಭಾಗಾಕಾರದ 1.07ಕ್ಕೆ ಹತ್ತಿರ ಇದೆಯಲ್ಲ ಅಂತ ಅದನ್ನೊಂದು ಸೂತ್ರ ಮಾಡಿಕೊಳ್ಳಬೇಡಿ. ಅದು ಕಾಕತಾಳೀಯ.

ಇದಕ್ಕೆ ಉಲ್ಟಾ ನಡೆದದ್ದೂ ಇದೆ. ಸೆಲೆಸ್ಟಿಯಾ ಎಂಬ ಇನ್ನೊಂದು ಜಾಲದ ಟೋಕನ್‌ಗೆ 2024ರ ಅಕ್ಟೋಬರ್ ಕೊನೆಯಲ್ಲಿ ದೊಡ್ಡ ಕ್ಲಿಫ್ ಇತ್ತು. ಸುಮಾರು 17.5 ಕೋಟಿ ಟೋಕನ್, ಓಡಾಡುತ್ತಿದ್ದದ್ದರ 80% ಹತ್ತಿರ. ಎಲ್ಲರೂ ಅದೇ ಮಾತಾಡುತ್ತಿದ್ದರು. ಫೆಬ್ರುವರಿಯಲ್ಲಿ 20 ಡಾಲರ್ ಇದ್ದ ಟೋಕನ್ ಆ ಹೊತ್ತಿಗೆ 5ರ ಆಸುಪಾಸಿಗೆ ಬಂದಿತ್ತು. ಬಿಡುಗಡೆ ಆಯಿತು. ಸ್ವಲ್ಪ ಇಳಿಯಿತು. ಆಮೇಲೆ ಅಮೆರಿಕದ ಚುನಾವಣೆಯ ನಂತರ ಮಾರುಕಟ್ಟೆ ಏರಿದಾಗ ಅದೂ ಏರಿ, ಡಿಸೆಂಬರ್ ಶುರುವಿಗೆ 8 ಡಾಲರ್ ದಾಟಿತು. ಮೊದಲೇ ಶಾರ್ಟ್ ಮಾಡಿದವರು ತುಂಬಾ ಇದ್ದರೆ, ಅವರು ಮುಚ್ಚುವಾಗ ಆಗುವ ಖರೀದಿಯೇ ಬೆಲೆಯನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ಅದು ಉಳಿಯಲಿಲ್ಲ. 2025ರಲ್ಲಿ ಅದೇ ಟೋಕನ್ 3 ಡಾಲರ್‌ಗಿಂತ ಕೆಳಗೆ ಹೋಯಿತು. ಕ್ಲಿಫ್ ಮುಗಿದರೂ ಕಂತು ಮುಗಿದಿರಲಿಲ್ಲ.

ಕಂತಿನ ಕಡೆ ಜನ ನೋಡುವುದೇ ಇಲ್ಲ. "ಅನ್‌ಲಾಕ್ ಆಗಿಹೋಯ್ತು, ಇನ್ನು ಕೊಳ್ಳಬಹುದು" ಅನ್ನುವ ಮಾತು ತುಂಬಾ ಕೇಳಿದ್ದೇನೆ. ಆರ್ಬಿಟ್ರಮ್‌ನಲ್ಲಿ ಮಾರ್ಚ್ 16ರ ನಂತರ ಪ್ರತಿ ತಿಂಗಳು 9.26 ಕೋಟಿ ಟೋಕನ್ ಬರಬೇಕಿತ್ತು, 36 ತಿಂಗಳು, 2027ರ ಮಾರ್ಚ್‌ವರೆಗೆ. ಮೊದಲ ಕಂತು ಆಗ ಓಡಾಡುತ್ತಿದ್ದದ್ದರ 3.9%. ಸಣ್ಣದು ಅನಿಸುತ್ತದೆ. ಆದರೆ 2 ಡಾಲರ್ ದರದಲ್ಲಿ ಅದು ತಿಂಗಳಿಗೆ 18.5 ಕೋಟಿ ಡಾಲರ್. ಅದರಲ್ಲಿ ಅರ್ಧ ಮಾರಾಟಕ್ಕೆ ಬಂದರೂ, ಬೆಲೆ ಇದ್ದಲ್ಲೇ ಇರಬೇಕಾದರೆ ಪ್ರತಿ ತಿಂಗಳು 9 ಕೋಟಿ ಡಾಲರ್‌ಗೂ ಹೆಚ್ಚು ಹೊಸ ದುಡ್ಡು ಬರಬೇಕು. ಎಲ್ಲಿಂದ ಬರುತ್ತೆ? ಎಆರ್‌ಬಿ ಮತ ಹಾಕುವ ಟೋಕನ್. ಆರ್ಬಿಟ್ರಮ್ ಬಳಸಲು ಅದು ಬೇಕಾಗಿಲ್ಲ, ಅಲ್ಲಿ ಶುಲ್ಕ ಕಟ್ಟುವುದು ಇಥೀರಿಯಮ್‌ನ ನಾಣ್ಯವಾದ ಈಥರ್‌ನಲ್ಲಿ. ಜಾಲ ಬೆಳೆದಷ್ಟೂ ಟೋಕನ್‌ಗೆ ಬೇಡಿಕೆ ತಾನಾಗಿ ಬೆಳೆಯುವುದಿಲ್ಲ. ಡೆಂಕುನ್ ಸುದ್ದಿ ಬೆಲೆಯನ್ನು ಎತ್ತದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. 2025ರ ಏಪ್ರಿಲ್‌ನಲ್ಲಿ ಎಆರ್‌ಬಿ 0.3 ಡಾಲರ್ ಹತ್ತಿರ ಇತ್ತು.

ಬೀಗ ತೆಗೆದ ಮೇಲೆ ಟೋಕನ್ ಎಲ್ಲಿ ಹೋಗುತ್ತಿದೆ ಅನ್ನುವುದನ್ನೂ ನೋಡಬಹುದು. ಆರ್ಬಿಟ್ರಮ್‌ನ ವಹಿವಾಟು ತೋರಿಸುವ ಆರ್ಬಿಸ್ಕ್ಯಾನ್ ತಾಣದಲ್ಲಿ ದೊಡ್ಡ ವ್ಯಾಲೆಟ್‌ಗಳ ಚಲನವಲನ ಕಾಣುತ್ತದೆ. ಟೋಕನ್ ಹೊಸ ವಿಳಾಸಕ್ಕೆ ಹೋಗಿ ಅಲ್ಲೇ ಕೂತರೆ ಅದು ಬರೀ ಹಂಚಿಕೆ ಇರಬಹುದು. ಅಲ್ಲಿಂದ ವಿನಿಮಯ ಕೇಂದ್ರದ ಠೇವಣಿ ವಿಳಾಸಕ್ಕೆ ಹೋದರೆ ಮಾರಲು ತಯಾರಿ ಅಂತ ತಿಳಿಯಬೇಕು. ಎರಡನ್ನೂ ಒಂದೇ ಅಂದುಕೊಂಡು "ತಂಡ ಮಾರುತ್ತಿದೆ" ಎಂದು ಗಾಬರಿ ಹುಟ್ಟಿಸುವವರು ಇದ್ದಾರೆ. ಎರಡನೇ ಹೆಜ್ಜೆ ಕಾಣುವ ತನಕ ನಾನು ನಂಬುವುದಿಲ್ಲ.

ನಮ್ಮಲ್ಲಿ ಇನ್ನೊಂದು ಲೆಕ್ಕವೂ ಇದೆ. ಭಾರತದಲ್ಲಿ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಮಾರಿದಾಗಲೆಲ್ಲ 1% ಟಿಡಿಎಸ್. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಹಾಗಾಗಿ "ಅನ್‌ಲಾಕ್‌ಗೆ ಮುಂಚೆ ಕೊಂಡು ಎರಡು ದಿನ ಮುಂಚೆ ಮಾರಿಬಿಡ್ತೀನಿ, ಆಮೇಲೆ ಕೆಳಗೆ ಮತ್ತೆ ತಗೋತೀನಿ" ಅನ್ನುವ ಲೆಕ್ಕ ಬೇರೆ ದೇಶದವನಿಗೆ ಸರಿಹೋಗಬಹುದು, ನಮಗೆ ಕಷ್ಟ. ಸೋತ ಸಲದ ನಷ್ಟ ಪೂರ್ತಿ ನಮ್ಮದೇ, ಗೆದ್ದ ಸಲದ ಲಾಭದಲ್ಲಿ ಮಾತ್ರ ಸರ್ಕಾರಕ್ಕೆ ಪಾಲು.

ತಮ್ಮನಿಗೆ ಅವತ್ತು ಹೇಳಿದ್ದು ಇಷ್ಟೇ. ಬಿಡುಗಡೆ ಓಡಾಡುವ ಟೋಕನ್‌ನ 5% ಒಳಗಿದ್ದರೆ, ಅದೂ ಪ್ರತಿ ತಿಂಗಳ ಮಾಮೂಲಿ ಕಂತಾಗಿದ್ದರೆ, ತಾರೀಕು ನೋಡಿ ಕಾಯುವ ಅಗತ್ಯ ಕಡಿಮೆ. ಇಲ್ಲಿ 87%. ಎಲ್ಲವೂ ಅಗ್ಗಕ್ಕೆ ಪಡೆದವರ ಕೈಗೆ. ಬರುವ ದಿನ ಶನಿವಾರ, ವಾರಾಂತ್ಯದಲ್ಲಿ ಕೊಳ್ಳುವವರು ಕಡಿಮೆ ಇರುತ್ತಾರೆ. ಕಾಯುವುದರಿಂದ ಕಳೆದುಕೊಳ್ಳುವುದು ಡೆಂಕುನ್‌ನಿಂದ ಬರಬಹುದಾದ ಒಂದಷ್ಟು ಏರಿಕೆ. ಆ ಸುದ್ದಿ ತಿಂಗಳುಗಳಿಂದ ಎಲ್ಲರಿಗೂ ಗೊತ್ತು. ಕಾಯದೆ ಇದ್ದರೆ ಎದುರಿಸಬೇಕಾದ್ದು ಇಮ್ಮಡಿ ಟೋಕನ್.

"ಹಾಗಾದ್ರೆ 17ಕ್ಕೆ ತಗೊಳ್ಲಾ?" ಅಂತ ಕೇಳಿದ.

17 ಅಂತ ತಾರೀಕು ಇಟ್ಟುಕೊಳ್ಳಬೇಡ ಅಂದೆ. ಎರಡು ವಾರ ಬಿಡು. ARB/ETH ಚಾರ್ಟ್ ಇಳಿಯೋದು ನಿಲ್ಲಬೇಕು, ಫಂಡಿಂಗ್ ಮಾಮೂಲಿಗೆ ಬರಬೇಕು. ಏಪ್ರಿಲ್ 16ರ ಮೊದಲ ಕಂತು ಬಂದ ಮೇಲೂ ಬೆಲೆ ತನ್ನ ಹಿಂದಿನ ತಳವನ್ನು ಒಡೆಯದೆ ನಿಂತರೆ, ಆಗ ನಾಲ್ಕರಲ್ಲಿ ಒಂದು ಭಾಗ ತಗೋ. ಅವನು ಏಪ್ರಿಲ್ 16ರ ತನಕ ಕಾದ. ARB/ETH ಇನ್ನೂ ಇಳಿಯುತ್ತಲೇ ಇತ್ತು. ಮೇ ತಿಂಗಳ ಕಂತು ನೋಡಿದ, ಜೂನ್‌ನದ್ದೂ ನೋಡಿದ. ಇಟ್ಟುಕೊಂಡಿದ್ದ ದುಡ್ಡು ಖಾತೆಯಲ್ಲೇ ಇತ್ತು.